ಸ್ಕ್ಯಾನ್ ಮಾಡಿದ ಹಣ ಅಂಗಡಿಗೆ ಸೇರುವುದು ಹೇಗೆ? ಕ್ಯೂಆರ್ ಕೋಡ್‌ನಿಂದ ವ್ಯಾಪಾರಿಯ ಖಾತೆವರೆಗಿನ ಹಾದಿ ಹೀಗಿದೆ

ಊಟ ಮುಗಿದು ಬಿಲ್ ಕೊಡುವ ಹೊತ್ತು. ಗ್ರಾಹಕರ ಮೊಬೈಲ್‌ಗೆ ಹಣ ಕಡಿತವಾದ ಎಸ್‌ಎಂಎಸ್ ಬಂದಿದೆ. ಆದರೆ ಗಲ್ಲಾಪೆಟ್ಟಿಗೆ ಮೇಲಿನ ಸೌಂಡ್‌ಬಾಕ್ಸ್ ಸುಮ್ಮನಿದೆ. ‘ನನ್ನ ದುಡ್ಡು ಹೋಗಿದೆ’ ಎಂದು ಒಬ್ಬರು, ‘ನಮಗೆ ಬಂದಿಲ್ಲ’ ಎಂದು ಇನ್ನೊಬ್ಬರು. ವಿಚಿತ್ರವೆಂದರೆ, ಇಬ್ಬರೂ ಹೇಳುತ್ತಿರುವುದು ನಿಜವೇ ಆಗಿರಬಹುದು.

ಕಾರಣ ಇಷ್ಟೇ. ಸ್ಕ್ಯಾನ್ ಮಾಡಿದ ಹಣ ಒಂದು ಮೊಬೈಲ್‌ನಿಂದ ಇನ್ನೊಂದು ಮೊಬೈಲ್‌ಗೆ ಹಾರುವುದಿಲ್ಲ. ಅದು ಕೆಲವೇ ಸೆಕೆಂಡುಗಳಲ್ಲಿ ಹಲವು ಕಂಪ್ಯೂಟರ್‌ಗಳನ್ನು ದಾಟಿ ಹೋಗುವ ಸಂದೇಶಗಳ ಸರಣಿ. ಯಾವುದೋ ಒಂದು ಸಂದೇಶ ತಡವಾದರೆ ಒಂದು ಕಡೆ ಲೆಕ್ಕ ಬರೆದಾಗಿರುತ್ತದೆ, ಇನ್ನೊಂದು ಕಡೆ ಬರೆದಿರುವುದಿಲ್ಲ. ಹಣ ಯಾವ ಹಂತದಲ್ಲಿ ನಿಂತಿದೆ ಎಂದು ತಿಳಿದರೆ, ಅದನ್ನು ಯಾರು ಮರಳಿಸಬೇಕು, ಎಷ್ಟು ದಿನದೊಳಗೆ ಮರಳಿಸಬೇಕು ಎಂಬುದೂ ತಿಳಿಯುತ್ತದೆ.

ಇದನ್ನು ಒಂದು ಉದಾಹರಣೆಯಿಂದ ನೋಡೋಣ. ಮುಂಬೈನ ಮಾಟುಂಗಾದ ಒಂದು ಉಡುಪಿ ಹೋಟೆಲ್‌ನಲ್ಲಿ ಗ್ರಾಹಕರೊಬ್ಬರ ಬಿಲ್ 240 ರೂಪಾಯಿ ಆಗಿದೆ ಎಂದುಕೊಳ್ಳಿ. ಅವರ ಉಳಿತಾಯ ಖಾತೆ ಇರುವುದು ಧಾರವಾಡದ ಶಾಖೆಯಲ್ಲಿ. ಹೋಟೆಲ್‌ನವರ ಖಾತೆ ಮುಂಬೈನಲ್ಲಿ, ಬೇರೊಂದು ಬ್ಯಾಂಕ್‌ನಲ್ಲಿ. ಈ 240 ರೂಪಾಯಿಯ ಪ್ರಯಾಣ ಹೀಗಿರುತ್ತದೆ.

ಕ್ಯೂಆರ್ ಕೋಡ್ ಒಳಗೆ ಏನಿದೆ?

ಮೇಜಿನ ಮೇಲಿನ ಕಪ್ಪು-ಬಿಳಿ ಚೌಕದಲ್ಲಿ ಹಣವೂ ಇಲ್ಲ, ಖಾತೆ ಸಂಖ್ಯೆಯೂ ಸಾಮಾನ್ಯವಾಗಿ ಇರುವುದಿಲ್ಲ. ಅದರಲ್ಲಿರುವುದು ಒಂದು ವಿಳಾಸ. ಕ್ಯಾಮೆರಾ ಅದನ್ನು ಓದಿದಾಗ ಆ್ಯಪ್‌ಗೆ ಸಿಗುವುದು ಹೆಚ್ಚುಕಡಿಮೆ ಇಂಥ ಒಂದೇ ಸಾಲು:

```
upi://pay?pa=hotel123@xyzbank&pn=Hotel&mc=5812&cu=INR
```

ಇದರಲ್ಲಿ `pa` ಎಂದರೆ ಹಣ ಪಡೆಯುವವರ ಯುಪಿಐ ವಿಳಾಸ. `pn` ಎಂದರೆ ಅವರ ಹೆಸರು. `mc` ಎಂಬುದು ಯಾವ ಬಗೆಯ ವ್ಯಾಪಾರ ಎಂದು ತಿಳಿಸುವ ನಾಲ್ಕಂಕಿಯ ಸಂಖ್ಯೆ. 5812 ಎಂದರೆ ಹೋಟೆಲ್, ರೆಸ್ಟೋರೆಂಟ್. `cu` ಎಂದರೆ ಕರೆನ್ಸಿ, ಇಲ್ಲಿ ರೂಪಾಯಿ.

ಗೋಡೆಗೆ ಅಂಟಿಸಿದ ಸ್ಟಿಕ್ಕರ್‌ನಲ್ಲಿ ಮೊತ್ತ ಇರುವುದಿಲ್ಲ. ಎಲ್ಲ ಗ್ರಾಹಕರಿಗೂ ಅದೇ ಕೋಡ್, 240 ಎಂದು ಒತ್ತುವುದು ಗ್ರಾಹಕರ ಕೆಲಸ. ದೊಡ್ಡ ಮಳಿಗೆಗಳ ಬಿಲ್ಲಿಂಗ್ ಯಂತ್ರದ ಪರದೆಯ ಮೇಲೆ ಮೂಡುವ ಕೋಡ್ ಹಾಗಲ್ಲ. ಅದರಲ್ಲಿ ಬಿಲ್‌ನ ಮೊತ್ತ ಮತ್ತು ಆ ಬಿಲ್‌ಗೆ ಮಾತ್ರ ಸೇರಿದ ಒಂದು ಸಂಖ್ಯೆ ಮೊದಲೇ ಅಡಕವಾಗಿರುತ್ತದೆ. ಹಾಗಾಗಿ ಅಲ್ಲಿ ಸ್ಕ್ಯಾನ್ ಮಾಡಿದ ಕೂಡಲೇ ಮೊತ್ತ ತಾನಾಗಿಯೇ ಕಾಣಿಸುತ್ತದೆ ಮತ್ತು ಯಾವ ಪಾವತಿ ಯಾವ ಬಿಲ್‌ನದು ಎಂಬ ಗೊಂದಲ ಇರುವುದಿಲ್ಲ.

ಇಲ್ಲಿ ಗಮನಿಸಬೇಕಾದ ಒಂದು ಮಾತಿದೆ. ಆ ಸಾಲಿನ ಆರಂಭದಲ್ಲೇ `pay` ಎಂದಿದೆ, ಅಂದರೆ ಪಾವತಿಸು. ಅಂಗಡಿಯ ಕೋಡ್ ಸ್ಕ್ಯಾನ್ ಮಾಡಿ ಪಿನ್ ಒತ್ತಿದರೆ ಹಣ ಹೋಗುತ್ತದೆಯೇ ಹೊರತು ಬರುವುದಿಲ್ಲ. ‘ಈ ಕೋಡ್ ಸ್ಕ್ಯಾನ್ ಮಾಡಿ, ನಿಮ್ಮ ಖಾತೆಗೆ ಹಣ ಬರುತ್ತದೆ’ ಎಂದು ಯಾರಾದರೂ ಹೇಳಿದರೆ ಅದು ಮೋಸ ಎಂದೇ ತಿಳಿಯಬೇಕು.

ಒಂದು ಪಾವತಿ, ಐದು ಪಾತ್ರಗಳು

ಗ್ರಾಹಕರು ಮತ್ತು ಹೋಟೆಲ್‌ನವರ ಕಣ್ಣಿಗೆ ಕಾಣುವುದು ಆ್ಯಪ್ ಮಾತ್ರ. ಅದರ ಹಿಂದೆ ಐದು ಪಾತ್ರಗಳಿವೆ. ಮೊದಲನೆಯದು ಗ್ರಾಹಕರ ಖಾತೆ ಇರುವ ಬ್ಯಾಂಕ್. ಎರಡನೆಯದು ಹೋಟೆಲ್‌ನ ಖಾತೆ ಇರುವ ಬ್ಯಾಂಕ್. ಗ್ರಾಹಕರ ಆ್ಯಪ್‌ನ ಹಿಂದಿರುವ ಪಾಲುದಾರ ಬ್ಯಾಂಕ್ ಮೂರನೆಯದು, ಹೋಟೆಲ್‌ನ ಕ್ಯೂಆರ್ ಕೋಡ್ ಕೊಟ್ಟ ಸಂಸ್ಥೆಯ ಹಿಂದಿರುವ ಪಾಲುದಾರ ಬ್ಯಾಂಕ್ ನಾಲ್ಕನೆಯದು. ಈ ನಾಲ್ವರ ನಡುವೆ ನಿಂತು ಸಂದೇಶ ಹಂಚುವ ಐದನೆಯ ಪಾತ್ರವೇ ಭಾರತೀಯ ರಾಷ್ಟ್ರೀಯ ಪಾವತಿ ನಿಗಮ, ಅಂದರೆ ಎನ್‌ಪಿಸಿಐ.

ಪಾಲುದಾರ ಬ್ಯಾಂಕ್ ಏಕೆ ಬೇಕು? ಫೋನ್‌ಪೇ, ಗೂಗಲ್ ಪೇ ಮುಂತಾದವು ಬ್ಯಾಂಕ್‌ಗಳಲ್ಲ. ಎನ್‌ಪಿಸಿಐನ ಯುಪಿಐ ಜಾಲಕ್ಕೆ ಅವು ಯಾವುದಾದರೂ ಬ್ಯಾಂಕ್‌ನ ಮೂಲಕವೇ ಸಂದೇಶ ಕಳಿಸಬೇಕು. ಯುಪಿಐ ವಿಳಾಸದಲ್ಲಿ `@` ಚಿಹ್ನೆಯ ನಂತರ ಬರುವ ಅಕ್ಷರಗಳು ಸೂಚಿಸುವುದು ಇದೇ ಬ್ಯಾಂಕನ್ನು. `@okaxis` ಎಂದಿದ್ದರೆ ಆಕ್ಸಿಸ್ ಬ್ಯಾಂಕ್, `@ybl` ಎಂದಿದ್ದರೆ ಯೆಸ್ ಬ್ಯಾಂಕ್. ಆ ವ್ಯಕ್ತಿಯ ಖಾತೆ ಅದೇ ಬ್ಯಾಂಕ್‌ನಲ್ಲಿ ಇರಬೇಕೆಂದೇನಿಲ್ಲ. ಧಾರವಾಡದ ಸಹಕಾರಿ ಬ್ಯಾಂಕ್‌ನಲ್ಲಿ ಖಾತೆ ಇಟ್ಟವರ ವಿಳಾಸದ ಕೊನೆಯಲ್ಲೂ ಬೇರೆ ಬ್ಯಾಂಕ್‌ನ ಅಕ್ಷರಗಳು ಇರಬಹುದು.

ಎನ್‌ಪಿಸಿಐ ಸ್ಥಾಪನೆಯಾದದ್ದು 2008ರಲ್ಲಿ, ಕಚೇರಿ ಮುಂಬೈನಲ್ಲಿ. ಯುಪಿಐ ಶುರುವಾದದ್ದು 2016ರ ಏಪ್ರಿಲ್‌ನಲ್ಲಿ. 2025ರ ಆಗಸ್ಟ್‌ನಲ್ಲಿ ಒಂದೇ ತಿಂಗಳ ವಹಿವಾಟುಗಳ ಸಂಖ್ಯೆ ಮೊದಲ ಬಾರಿಗೆ 2,000 ಕೋಟಿ ದಾಟಿತು. ಈ ಪ್ರತಿಯೊಂದು ವಹಿವಾಟೂ ಎನ್‌ಪಿಸಿಐ ಕಂಪ್ಯೂಟರ್ ಮೂಲಕವೇ ಹಾದುಹೋಗುತ್ತದೆ.

ಹಂತ 1: ಹೆಸರು ಕೇಳಿ ತಿಳಿಯುವುದು

ಸ್ಕ್ಯಾನ್ ಮಾಡಿದ ಕೂಡಲೇ ಪರದೆಯ ಮೇಲೆ ಒಂದು ಹೆಸರು ಕಾಣಿಸುತ್ತದೆ. ಅನೇಕರು ಅದನ್ನು ಓದದೆ ನೇರವಾಗಿ ಮೊತ್ತ ಒತ್ತುತ್ತಾರೆ. ಆದರೆ ಆ ಹೆಸರು ಕಾಣಿಸುವ ಮೊದಲೇ ಒಂದು ಸಣ್ಣ ವಿಚಾರಣೆ ಮುಗಿದಿರುತ್ತದೆ.

ಗ್ರಾಹಕರ ಆ್ಯಪ್ ತನ್ನ ಪಾಲುದಾರ ಬ್ಯಾಂಕ್ ಮೂಲಕ ಎನ್‌ಪಿಸಿಐಗೆ ‘ಈ ವಿಳಾಸ ಇದೆಯೇ, ಯಾರದು?’ ಎಂದು ಕೇಳುತ್ತದೆ. ಎನ್‌ಪಿಸಿಐ ಆ ಪ್ರಶ್ನೆಯನ್ನು ಹೋಟೆಲ್ ಕಡೆಯ ಪಾಲುದಾರ ಬ್ಯಾಂಕ್‌ಗೆ ದಾಟಿಸುತ್ತದೆ. ಅಲ್ಲಿಂದ ಹೆಸರು ಬಂದದ್ದೇ ಅದು ಗ್ರಾಹಕರ ಪರದೆಗೆ ಮರಳುತ್ತದೆ. ಇಷ್ಟರವರೆಗೆ ಹಣದ ಸುದ್ದಿಯೇ ಇಲ್ಲ.

ಹಿಂದೆ ಕೆಲವು ಆ್ಯಪ್‌ಗಳು ಕ್ಯೂಆರ್ ಕೋಡ್‌ನಲ್ಲೇ ಬರೆದಿದ್ದ ಹೆಸರನ್ನು ತೋರಿಸುತ್ತಿದ್ದವು. ಆ ಹೆಸರನ್ನು ಕೋಡ್ ತಯಾರಿಸಿದವರು ತಮಗೆ ಬೇಕಾದಂತೆ ಬರೆಯಬಹುದಿತ್ತು. ವ್ಯಕ್ತಿಗಳ ನಡುವಿನ ಪಾವತಿ ಮತ್ತು ಸಣ್ಣ ವ್ಯಾಪಾರಿಗಳಿಗೆ ಮಾಡುವ ಪಾವತಿಯಲ್ಲಿ ಬ್ಯಾಂಕ್ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕು ಎಂದು ಎನ್‌ಪಿಸಿಐ 2025ರ ಏಪ್ರಿಲ್‌ನಲ್ಲಿ ಸೂಚಿಸಿತು. ಇದಕ್ಕೆ ಜೂನ್ 30ರ ಗಡುವು ನೀಡಿತ್ತು.

ಸಣ್ಣ ಅಂಗಡಿಯ ಬೋರ್ಡ್ ಮೇಲೆ ಒಂದು ಹೆಸರು, ಪರದೆಯಲ್ಲಿ ಮಾಲೀಕರ ಸ್ವಂತ ಹೆಸರು ಕಾಣಿಸುವುದು ಇದೇ ಕಾರಣಕ್ಕೆ. ಹೆಸರು ಹೊಂದದಿದ್ದರೆ ‘ಇದು ನಿಮ್ಮದೇ ಹೆಸರಾ?’ ಎಂದು ಒಮ್ಮೆ ಕೇಳುವುದು ಒಳ್ಳೆಯದು. ಅಂಗಡಿಯ ಸ್ಟಿಕ್ಕರ್ ಮೇಲೆ ತಮ್ಮ ಸ್ಟಿಕ್ಕರ್ ಅಂಟಿಸಿ ಹೋಗುವ ವಂಚಕರು ಸಿಕ್ಕಿಬೀಳುವುದು ಈ ಒಂದು ಹಂತದಲ್ಲಿ ಮಾತ್ರ. ಪಿನ್ ಒತ್ತಿದ ಮೇಲೆ ವ್ಯವಸ್ಥೆಯ ಪಾಲಿಗೆ ಅದು ಸರಿಯಾಗಿ ನಡೆದ ಪಾವತಿ. ತಪ್ಪು ಜನರಿಗೆ ಹೋಗಿದ್ದರೂ ಅದು ತಾನಾಗಿ ಮರಳುವುದಿಲ್ಲ.

ಹಂತ 2: ಪಿನ್ ನೋಡುವವರು ಯಾರು?

ಗ್ರಾಹಕರು 240 ಎಂದು ಬರೆದು ‘ಪೇ’ ಒತ್ತುತ್ತಾರೆ. ಆಗ ಪರದೆಯ ರೂಪವೇ ಬದಲಾಗಿ ಪಿನ್ ಕೇಳುವ ಪುಟ ತೆರೆಯುತ್ತದೆ. ಯಾವ ಆ್ಯಪ್ ಬಳಸಿದರೂ ಈ ಪುಟ ಹೆಚ್ಚುಕಡಿಮೆ ಒಂದೇ ತರಹ ಕಾಣುವುದನ್ನು ಗಮನಿಸಿರಬಹುದು. ಅದು ಆ್ಯಪ್ ಕಂಪನಿಯ ಪುಟವಲ್ಲ. ಎನ್‌ಪಿಸಿಐ ಸಿದ್ಧಪಡಿಸಿ ಎಲ್ಲ ಆ್ಯಪ್‌ಗಳೊಳಗೆ ಕೂರಿಸಿರುವ ತಂತ್ರಾಂಶ.

ಒತ್ತಿದ ನಾಲ್ಕು ಅಥವಾ ಆರು ಅಂಕಿಗಳು ಮೊಬೈಲ್‌ನಲ್ಲೇ ಗೂಢಲಿಪಿಗೆ ಬದಲಾಗುತ್ತವೆ. ಹಾಗಾಗಿ ಆ್ಯಪ್ ಕಂಪನಿಗೆ ಪಿನ್ ಏನೆಂದು ತಿಳಿಯುವುದಿಲ್ಲ. ಹೋಟೆಲ್ ಕಡೆಯವರಿಗಂತೂ ಅದು ತಲುಪುವುದೇ ಇಲ್ಲ. ಪಿನ್ ಸರಿಯೋ ತಪ್ಪೋ ಎಂದು ತೀರ್ಮಾನಿಸುವುದು ಗ್ರಾಹಕರ ಖಾತೆ ಇರುವ ಬ್ಯಾಂಕ್ ಒಂದೇ.

ಪಿನ್ ಒಂದೇ ಸಾಕಾಗುವುದೂ ಇಲ್ಲ. ಮೊದಲ ಬಾರಿ ಆ್ಯಪ್ ಹಾಕಿಕೊಂಡಾಗ ಮೊಬೈಲ್‌ನಿಂದ ತಾನಾಗಿ ಒಂದು ಎಸ್‌ಎಂಎಸ್ ಹೋಗುತ್ತದೆ. ಇದರಿಂದ ಆ ಸಿಮ್ ಮತ್ತು ಆ ಮೊಬೈಲ್ ಖಾತೆಯೊಂದಿಗೆ ಬೆಸೆದುಕೊಳ್ಳುತ್ತವೆ. ಬೇರೆಯವರು ಪಿನ್ ಕದ್ದು ನೋಡಿದರೂ ತಮ್ಮ ಮೊಬೈಲ್‌ನಿಂದ ಆ ಖಾತೆಯ ಹಣ ಕಳಿಸಲಾಗದಿರುವುದು ಇದೇ ಕಾರಣಕ್ಕೆ.

ಹಂತ 3: ಮೊದಲು ಕಡಿತ, ಆಮೇಲೆ ಜಮೆ

ಈಗ ಪಾವತಿಯ ಕೋರಿಕೆ ಗ್ರಾಹಕರ ಆ್ಯಪ್‌ನಿಂದ ಪಾಲುದಾರ ಬ್ಯಾಂಕ್‌ಗೆ, ಅಲ್ಲಿಂದ ಎನ್‌ಪಿಸಿಐಗೆ ಹೋಗುತ್ತದೆ. ಎನ್‌ಪಿಸಿಐ ಕೂಡಲೇ ಗ್ರಾಹಕರ ಹಣಕ್ಕೆ ಕೈಹಾಕುವುದಿಲ್ಲ. ಹೋಟೆಲ್‌ನ ಪಾಲುದಾರ ಬ್ಯಾಂಕ್‌ಗೆ ಮತ್ತೊಮ್ಮೆ ಪ್ರಶ್ನೆ ಕಳಿಸುತ್ತದೆ: ಈ ವಿಳಾಸದ ಹಿಂದಿರುವ ಖಾತೆ ಯಾವುದು? ಖಾತೆ ಸಂಖ್ಯೆ ಮತ್ತು ಐಎಫ್‌ಎಸ್‌ಸಿ ಗೊತ್ತಾದ ಮೇಲಷ್ಟೇ ಮುಂದಿನ ಕೆಲಸ.

ಆಗ ಧಾರವಾಡದ ಖಾತೆ ಇರುವ ಬ್ಯಾಂಕ್‌ಗೆ ‘240 ರೂಪಾಯಿ ಕಡಿತ ಮಾಡಿ’ ಎಂಬ ಸಂದೇಶ ಹೋಗುತ್ತದೆ. ಆ ಬ್ಯಾಂಕ್ ಪಿನ್ ಪರೀಕ್ಷಿಸಿ, ಬ್ಯಾಲೆನ್ಸ್ ಮತ್ತು ದಿನದ ಮಿತಿ ನೋಡಿ, ಎಲ್ಲ ಸರಿ ಇದ್ದರೆ ಖಾತೆಯಿಂದ 240 ರೂಪಾಯಿ ಕಳೆದು ‘ಆಯಿತು’ ಎಂದು ಉತ್ತರಿಸುತ್ತದೆ. ಗ್ರಾಹಕರಿಗೆ ಎಸ್‌ಎಂಎಸ್ ಬರುವುದು ಈ ಕಡಿತದ ಬೆನ್ನಲ್ಲೇ. ಹೋಟೆಲ್‌ನ ಬ್ಯಾಂಕ್‌ಗೆ ಆಗಿನ್ನೂ ಸುದ್ದಿಯೇ ಮುಟ್ಟಿರದೆ ಇರಬಹುದು.

ಆ ‘ಆಯಿತು’ ಕೈಗೆ ಬಂದ ನಂತರ ಎನ್‌ಪಿಸಿಐ ಹೋಟೆಲ್ ಕಡೆಯ ಬ್ಯಾಂಕ್‌ಗೆ ‘240 ರೂಪಾಯಿ ಜಮೆ ಮಾಡಿ’ ಎನ್ನುತ್ತದೆ. ಅಲ್ಲಿಂದಲೂ ‘ಆಯಿತು’ ಬಂದರೆ ಎರಡೂ ಕಡೆಯ ಪಾಲುದಾರ ಬ್ಯಾಂಕ್‌ಗಳಿಗೆ ಅಂತಿಮ ಫಲಿತಾಂಶ ಹೋಗುತ್ತದೆ. ಗ್ರಾಹಕರ ಪರದೆಯ ಮೇಲೆ ಹಸಿರು ಟಿಕ್ ಬೀಳುವುದು ಆಗ.

ಕ್ರಮ ಯಾವಾಗಲೂ ಇದೇ: ಮೊದಲು ಕಡಿತ, ಆಮೇಲೆ ಜಮೆ. ಇದನ್ನು ತಿರುಗಿಸಿದರೆ ಬ್ಯಾಲೆನ್ಸ್ ಇಲ್ಲದವರ ಪಾವತಿಯೂ ಹೋಟೆಲ್‌ಗೆ ಜಮೆಯಾಗಿ ಬ್ಯಾಂಕ್‌ಗಳಿಗೆ ನಷ್ಟವಾಗುತ್ತದೆ. ಆದರೆ ಈ ಕ್ರಮದ ಬೆಲೆ ತೆರುವವರು ಗ್ರಾಹಕರು. ನಡುವೆ ಏನಾದರೂ ಕೈಕೊಟ್ಟರೆ ಮೊದಲು ಖಾಲಿಯಾಗಿರುವುದು ಅವರ ಖಾತೆ.

ಕಡಿತ ಮತ್ತು ಜಮೆಯ ಸಂದೇಶಗಳಿಗೆ ಉತ್ತರ ಬರಲು ಮೊದಲು 30 ಸೆಕೆಂಡ್‌ವರೆಗೆ ಕಾಯಲಾಗುತ್ತಿತ್ತು. 2025ರ ಜೂನ್ 16ರಿಂದ ಈ ಅವಧಿಯನ್ನು 15 ಸೆಕೆಂಡ್‌ಗೆ ಇಳಿಸಲಾಗಿದೆ.

ಹಂತ 4: ಸೌಂಡ್‌ಬಾಕ್ಸ್ ಮಾತನಾಡುವುದು ಹೇಗೆ?

ಅಂಗಡಿಯ ಸೌಂಡ್‌ಬಾಕ್ಸ್‌ಗೂ ಗ್ರಾಹಕರ ಮೊಬೈಲ್‌ಗೂ ನೇರ ಸಂಬಂಧವಿಲ್ಲ. ಅಂತಿಮ ಫಲಿತಾಂಶ ಹೋಟೆಲ್ ಕಡೆಯ ಪಾಲುದಾರ ಬ್ಯಾಂಕ್‌ಗೆ ತಲುಪಿ, ಅಲ್ಲಿಂದ ಕ್ಯೂಆರ್ ಕೊಟ್ಟ ಸಂಸ್ಥೆಗೆ ಹೋಗಿ, ಆ ಸಂಸ್ಥೆ ಸೌಂಡ್‌ಬಾಕ್ಸ್‌ಗೆ ಸುದ್ದಿ ಮುಟ್ಟಿಸಬೇಕು. ಡಬ್ಬಿಯೊಳಗೆ ಒಂದು ಸಿಮ್ ಇರುತ್ತದೆ. ಅದರ ಡೇಟಾ ಸಂಪರ್ಕ ಸರಿ ಇದ್ದರೆ ‘240 ರೂಪಾಯಿ ಬಂದಿದೆ’ ಎಂಬ ದನಿ ಕೇಳುತ್ತದೆ.

ಹೀಗಾಗಿ ಎರಡು ವಿಷಯ ಸ್ಪಷ್ಟ. ಸೌಂಡ್‌ಬಾಕ್ಸ್ ಸುಮ್ಮನಿದ್ದ ಮಾತ್ರಕ್ಕೆ ಹಣ ಬಂದಿಲ್ಲ ಎನ್ನಲಾಗದು. ನೆಲಮಾಳಿಗೆಯ ಅಂಗಡಿಯಲ್ಲಿ ನೆಟ್‌ವರ್ಕ್ ಸಿಗದೆ ದನಿ ತಡವಾಗಬಹುದು. ಹಾಗೆಯೇ ಗ್ರಾಹಕರ ಮೊಬೈಲ್‌ನ ಹಸಿರು ಟಿಕ್ ನೋಡಿ ಹಣ ಬಂದಿದೆ ಎಂದು ವ್ಯಾಪಾರಿ ನಂಬುವಂತೆಯೂ ಇಲ್ಲ. ಪಾವತಿ ಆದಂತೆ ತೋರಿಸುವ ನಕಲಿ ಆ್ಯಪ್‌ಗಳಿವೆ, ಹಳೆಯ ಸ್ಕ್ರೀನ್‌ಶಾಟ್ ತಿದ್ದಿ ತೋರಿಸುವವರೂ ಇದ್ದಾರೆ. ವ್ಯಾಪಾರಿ ನೋಡಬೇಕಾದದ್ದು ತನ್ನದೇ ಆ್ಯಪ್‌ನಲ್ಲಿ ಆ ಪಾವತಿ ಬಂದಿದೆಯೇ ಎಂದು, ಗ್ರಾಹಕರ ಪರದೆಯನ್ನಲ್ಲ.

ಅಂಗಡಿಯ ಖಾತೆಗೆ ಎರಡು ದಾರಿ

‘ಬಂದಿದೆ’ ಎಂದು ಸೌಂಡ್‌ಬಾಕ್ಸ್ ಹೇಳಿದ ಹಣ ಆ ಕ್ಷಣಕ್ಕೆ ಹೋಟೆಲ್‌ನ ಖಾತೆಯಲ್ಲೇ ಇದೆಯೇ? ಇದಕ್ಕೆ ಉತ್ತರ ಆ ಕ್ಯೂಆರ್ ಕೋಡ್ ಯಾವ ಬಗೆಯದು ಎಂಬುದನ್ನು ಅವಲಂಬಿಸಿದೆ.

ಕೋಡ್ ನೇರವಾಗಿ ವ್ಯಾಪಾರಿಯ ಬ್ಯಾಂಕ್ ಖಾತೆಗೆ ಬೆಸೆದಿದ್ದರೆ ಜಮೆ ಅಲ್ಲೇ, ಆಗಲೇ. ತರಕಾರಿ ಮಾರುವವರು, ಹೂವು ಮಾರುವವರು ತಮ್ಮ ಉಳಿತಾಯ ಖಾತೆಗೆ ಪಡೆದ ಕೋಡ್ ಇಂಥದ್ದು. ಪಾವತಿ ಮುಗಿದ ಮರುಕ್ಷಣ ಆ ಹಣವನ್ನು ಅವರು ಬಳಸಬಹುದು.

ಪಾವತಿ ಸಂಸ್ಥೆಯೊಂದರ ಮೂಲಕ ವ್ಯಾಪಾರಿಯಾಗಿ ನೋಂದಾಯಿಸಿಕೊಂಡಿದ್ದರೆ ನಡುವೆ ಇನ್ನೊಂದು ನಿಲ್ದಾಣ ಬರಬಹುದು. ಆಗ ಯುಪಿಐ ಲೆಕ್ಕದಲ್ಲಿ 240 ರೂಪಾಯಿ ಜಮೆಯಾಗುವುದು ಆ ಸಂಸ್ಥೆ ವ್ಯಾಪಾರಿಗಳಿಗಾಗಿಯೇ ಬ್ಯಾಂಕ್‌ನಲ್ಲಿ ತೆರೆದಿರುವ ಎಸ್ಕ್ರೋ ಖಾತೆಗೆ. ಆ ಖಾತೆಯ ಹಣವನ್ನು ಸಂಸ್ಥೆ ತನ್ನ ಸ್ವಂತ ಖರ್ಚಿಗೆ ಬಳಸುವಂತಿಲ್ಲ. ದಿನದ ಎಲ್ಲ ಪಾವತಿಗಳನ್ನು ಕೂಡಿಸಿ ಅದೇ ದಿನ ಅಥವಾ ಮರುದಿನ ಒಟ್ಟು ಮೊತ್ತವನ್ನು ಹೋಟೆಲ್‌ನ ಖಾತೆಗೆ ವರ್ಗಾಯಿಸಲಾಗುತ್ತದೆ. ವ್ಯಾಪಾರಿಗಳು ‘ಸೆಟಲ್‌ಮೆಂಟ್ ಬಂತು’ ಎನ್ನುವುದು ಇದಕ್ಕೇ.

ಇಂಥ ಹೋಟೆಲ್‌ನವರ ಪಾಸ್‌ಬುಕ್‌ನಲ್ಲಿ 240 ರೂಪಾಯಿ ಎಂಬ ಸಾಲು ಹುಡುಕಿದರೂ ಸಿಗುವುದಿಲ್ಲ. ಅಲ್ಲಿರುವುದು ಇಡೀ ದಿನದ ಒಂದೇ ಮೊತ್ತ. ಬಿಡಿ ಬಿಡಿ ಲೆಕ್ಕ ಸಿಗುವುದು ಪಾವತಿ ಸಂಸ್ಥೆಯ ಆ್ಯಪ್‌ನಲ್ಲಿ. ಗ್ರಾಹಕರ ಜತೆ ವಾದಕ್ಕೆ ಬಿದ್ದಾಗ ಪಾಸ್‌ಬುಕ್ ಎಸ್‌ಎಂಎಸ್ ಕಾಯುತ್ತ ಕೂತರೆ ಪ್ರಯೋಜನವಿಲ್ಲ ಎಂಬುದು ಇದರ ತಾತ್ಪರ್ಯ.

ಬ್ಯಾಂಕ್‌ಗಳ ನಡುವೆ ಹಣ ಸಾಗುವುದು ಯಾವಾಗ?

ಇಲ್ಲಿಯವರೆಗೆ ನಡೆದದ್ದೆಲ್ಲ ಲೆಕ್ಕದ ಪುಸ್ತಕದಲ್ಲಿ. ಒಂದು ಬ್ಯಾಂಕ್ ತನ್ನ ಗ್ರಾಹಕರ ಖಾತೆಯಲ್ಲಿ 240 ಕಳೆಯಿತು, ಇನ್ನೊಂದು ಬ್ಯಾಂಕ್ 240 ಕೂಡಿಸಿತು. ಆದರೆ ಮೊದಲ ಬ್ಯಾಂಕ್‌ನಿಂದ ಎರಡನೆಯ ಬ್ಯಾಂಕ್‌ಗೆ ಆ 240 ರೂಪಾಯಿ ಇನ್ನೂ ಹೋಗಿಯೇ ಇಲ್ಲ. ಹೋಟೆಲ್ ಕಡೆಯ ಬ್ಯಾಂಕ್ ಒಂದರ್ಥದಲ್ಲಿ ತನ್ನ ಕೈಯಿಂದಲೇ ಕೊಟ್ಟು, ಆಮೇಲೆ ಬರುತ್ತದೆ ಎಂದು ಕಾಯುತ್ತಿರುತ್ತದೆ.

ಪ್ರತಿ 240 ರೂಪಾಯಿಯನ್ನೂ ಬಿಡಿಬಿಡಿಯಾಗಿ ಸಾಗಿಸುತ್ತ ಕೂರುವುದು ಆಗದ ಕೆಲಸ. ಅದಕ್ಕೆ ದಿನವನ್ನು ಹಲವು ಸುತ್ತುಗಳಾಗಿ ಹಂಚಲಾಗಿದೆ. ಪ್ರತಿ ಸುತ್ತಿನ ಕೊನೆಗೆ ಎನ್‌ಪಿಸಿಐ ಎಲ್ಲ ಬ್ಯಾಂಕ್‌ಗಳ ಕೊಡುವ-ಪಡೆಯುವ ಲೆಕ್ಕವನ್ನು ಕೂಡಿ ಕಳೆಯುತ್ತದೆ. ಒಂದು ಸುತ್ತಿನಲ್ಲಿ ಮೊದಲ ಬ್ಯಾಂಕ್ ಎರಡನೆಯದಕ್ಕೆ 10 ಕೋಟಿ ಕೊಡಬೇಕು, ಎರಡನೆಯದು ಮೊದಲನೆಯದಕ್ಕೆ 9 ಕೋಟಿ ಕೊಡಬೇಕು ಎಂದಿಟ್ಟುಕೊಳ್ಳಿ. ಆಗ 19 ಕೋಟಿ ಓಡಾಡುವ ಅಗತ್ಯವಿಲ್ಲ, ವ್ಯತ್ಯಾಸದ 1 ಕೋಟಿ ಸಾಗಿದರೆ ಸಾಕು. ಎಲ್ಲ ಬ್ಯಾಂಕ್‌ಗಳೂ ಸೇರಿ ಇದೇ ಲೆಕ್ಕ ನಡೆಯುತ್ತದೆ.

ಆ ವ್ಯತ್ಯಾಸದ ಹಣ ಸಾಗುವುದು ಭಾರತೀಯ ರಿಸರ್ವ್ ಬ್ಯಾಂಕ್‌ನಲ್ಲಿ ಬ್ಯಾಂಕ್‌ಗಳು ಹೊಂದಿರುವ ಖಾತೆಗಳ ನಡುವೆ. ಊಟದ 240 ರೂಪಾಯಿ ಧಾರವಾಡದ ಬ್ಯಾಂಕ್‌ನಿಂದ ಮುಂಬೈನ ಬ್ಯಾಂಕ್‌ಗೆ ಕೊನೆಗೂ ದಾಟುವುದು ಹೀಗೆ, ಕೋಟಿಗಟ್ಟಲೆ ಮೊತ್ತದೊಳಗೆ ಕರಗಿ. ಆ ಹೊತ್ತಿಗೆ ಗ್ರಾಹಕರು ಹೋಟೆಲ್ ಬಿಟ್ಟು ಮನೆ ಸೇರಿರುತ್ತಾರೆ.

ಹಣ ಸಿಕ್ಕಿಹಾಕಿಕೊಳ್ಳುವ ಮೂರು ಜಾಗ

ಪಿನ್ ತಪ್ಪಾದರೆ, ಬ್ಯಾಲೆನ್ಸ್ ಸಾಲದಿದ್ದರೆ ಪಾವತಿ ಅಲ್ಲೇ ನಿಲ್ಲುತ್ತದೆ, ಹಣ ಕಡಿತವಾಗುವುದಿಲ್ಲ. ತಲೆನೋವು ಶುರುವಾಗುವುದು ಕಡಿತ ಆದ ಮೇಲೆ ಸಂದೇಶ ತಪ್ಪಿಹೋದಾಗ. ಅದು ಮುಖ್ಯವಾಗಿ ಮೂರು ಜಾಗದಲ್ಲಿ ಆಗುತ್ತದೆ.

ಮೊದಲನೆಯದು ಗ್ರಾಹಕರ ಬ್ಯಾಂಕ್‌ನಲ್ಲೇ. ಬ್ಯಾಂಕ್ ಹಣ ಕಳೆಯಿತು, ಆದರೆ ‘ಆಯಿತು’ ಎಂಬ ಉತ್ತರ 15 ಸೆಕೆಂಡ್‌ನೊಳಗೆ ಎನ್‌ಪಿಸಿಐಗೆ ತಲುಪಲಿಲ್ಲ. ಆಗ ಎನ್‌ಪಿಸಿಐ ಆ ಪಾವತಿಯನ್ನು ವಿಫಲ ಎಂದು ಮುಗಿಸಿ, ಹಣ ಮರಳಿ ಜಮೆ ಮಾಡುವಂತೆ ಬ್ಯಾಂಕ್‌ಗೆ ಹೇಳುತ್ತದೆ. ಎಸ್‌ಎಂಎಸ್‌ನಲ್ಲಿ ಕಡಿತ, ಆ್ಯಪ್‌ನಲ್ಲಿ ‘ಫೇಲ್ಡ್’ ಎಂದು ಕಂಡರೆ ಸಾಮಾನ್ಯವಾಗಿ ಆಗಿರುವುದು ಇದೇ. ಈ ಹಣ ಗ್ರಾಹಕರ ಬ್ಯಾಂಕ್ ದಾಟಿ ಹೊರಗೆ ಹೋಗಿಯೇ ಇಲ್ಲ. ಹೋಟೆಲ್‌ನವರ ಜತೆ ಜಗಳವಾಡಿ ಫಲವಿಲ್ಲ, ಬೇರೆ ದಾರಿಯಲ್ಲಿ ಬಿಲ್ ಕೊಡುವುದೇ ಸರಿ.

ಎರಡನೆಯದು ಹೋಟೆಲ್ ಕಡೆಯ ಬ್ಯಾಂಕ್‌ನಲ್ಲಿ. ಕಡಿತ ಆಗಿದೆ, ಜಮೆ ಮಾಡುವ ಸಂದೇಶವೂ ಹೋಗಿದೆ, ಉತ್ತರ ಮಾತ್ರ ಬಂದಿಲ್ಲ. ಜಮೆ ಆಗಿರಲೂಬಹುದು, ಆಗದಿರಲೂಬಹುದು. ಗ್ರಾಹಕರಿಗೆ ‘ಪೆಂಡಿಂಗ್’ ಅಥವಾ ‘ಪ್ರೊಸೆಸಿಂಗ್’ ಎಂದು ಕಾಣಿಸುತ್ತದೆ. ಇಲ್ಲಿ ಹಣವನ್ನು ತಕ್ಷಣ ಮರಳಿಸಿಬಿಡುವಂತಿಲ್ಲ, ಏಕೆಂದರೆ ಹೋಟೆಲ್‌ಗೆ ಆಗಲೇ ಜಮೆಯಾಗಿದ್ದರೆ ಒಂದೇ 240 ರೂಪಾಯಿ ಎರಡು ಕಡೆ ಸೇರಿಬಿಡುತ್ತದೆ. ಆ ಬ್ಯಾಂಕ್ ತನ್ನ ಪುಸ್ತಕ ನೋಡಿ, ಜಮೆ ಮಾಡಿದ್ದೇನೆ ಎಂದು ದೃಢಪಡಿಸಬೇಕು ಇಲ್ಲವೇ ಹಣ ವಾಪಸ್ ಕಳಿಸಬೇಕು.

‘ಪೆಂಡಿಂಗ್’ ಕಂಡಾಗ ಕೂಡಲೇ ಮತ್ತೊಮ್ಮೆ ಸ್ಕ್ಯಾನ್ ಮಾಡುವುದು ಅಪಾಯ. ಎರಡೂ ಪಾವತಿ ಯಶಸ್ವಿಯಾಗಿಬಿಡಬಹುದು. ಆಗ ಹೆಚ್ಚುವರಿ 240 ರೂಪಾಯಿ ತಾನಾಗಿ ಮರಳುವುದಿಲ್ಲ, ಹೋಟೆಲ್‌ನವರೇ ಹಿಂದಿರುಗಿಸಬೇಕಾಗುತ್ತದೆ.

ಮೂರನೆಯದು ಕೊನೆಯ ಕೊಂಡಿಯಲ್ಲಿ. ಕಡಿತವೂ ಆಗಿದೆ, ಜಮೆಯೂ ಆಗಿದೆ, ಗ್ರಾಹಕರಿಗೆ ‘ಸಕ್ಸಸ್’ ಎಂದು ತೋರಿಸಿದೆ. ಆದರೆ ಹೋಟೆಲ್‌ನ ಆ್ಯಪ್‌ಗೋ ಸೌಂಡ್‌ಬಾಕ್ಸ್‌ಗೋ ಸುದ್ದಿ ತಲುಪಿಲ್ಲ. ಈಗ ನೆರವಿಗೆ ಬರುವುದು ಪಾವತಿಯ ವಿವರದಲ್ಲಿ ಕಾಣುವ 12 ಅಂಕಿಗಳ ಸಂಖ್ಯೆ. ಕೆಲವು ಆ್ಯಪ್‌ಗಳು ಇದನ್ನು ಯುಟಿಆರ್ ಎನ್ನುತ್ತವೆ, ಕೆಲವು ಯುಪಿಐ ಟ್ರಾನ್ಸಾಕ್ಷನ್ ಐಡಿ ಎನ್ನುತ್ತವೆ. ಎರಡೂ ಕಡೆಯ ಬ್ಯಾಂಕ್‌ಗಳಲ್ಲಿ ಈ ಪಾವತಿಗೆ ಅದೇ ಸಂಖ್ಯೆ ಇರುತ್ತದೆ. ಹೋಟೆಲ್‌ನವರು ತಮ್ಮ ಆ್ಯಪ್‌ನ ಪಟ್ಟಿಯಲ್ಲಿ ಆ ಸಂಖ್ಯೆ ಹುಡುಕಿದರೆ ವಾದ ಅಲ್ಲಿಗೆ ಮುಗಿಯುತ್ತದೆ.

ಮತ್ತೆ ಮತ್ತೆ ‘ರಿಫ್ರೆಶ್’ ಮಾಡಿದರೆ?

2025ರ ಏಪ್ರಿಲ್ 12ರಂದು ದೇಶದ ಹಲವೆಡೆ ಯುಪಿಐ ಕೆಲ ಗಂಟೆ ಕೈಕೊಟ್ಟಿತ್ತು. ‘ಆ ಪಾವತಿ ಏನಾಯಿತು?’ ಎಂದು ಕೇಳುವ ವಿಚಾರಣಾ ಸಂದೇಶಗಳು ಬ್ಯಾಂಕ್‌ಗಳ ಕಡೆಯಿಂದ ಪ್ರವಾಹದಂತೆ ಬಂದದ್ದೇ ಅದಕ್ಕೆ ಕಾರಣ ಎಂದು ಎನ್‌ಪಿಸಿಐ ಪರಿಶೀಲನೆಯಲ್ಲಿ ಕಂಡುಬಂತು. ಹಣ ಸಾಗಿಸುವ ಸಂದೇಶಗಳಿಗೇ ದಾರಿ ಇಲ್ಲದಂತಾಗಿತ್ತು.

ಆ ಬಳಿಕ ಇಂಥ ವಿಚಾರಣೆಗೆ ಮಿತಿ ಬಿಗಿಗೊಳಿಸಲಾಯಿತು. ಪಾವತಿ ಶುರುವಾಗಿ ನಿಗದಿತ ಸಮಯ ಕಳೆಯುವ ಮೊದಲು ಸ್ಥಿತಿ ಕೇಳುವಂತಿಲ್ಲ, ಎರಡು ಗಂಟೆಯೊಳಗೆ ಮೂರು ಬಾರಿಗಿಂತ ಹೆಚ್ಚು ಕೇಳುವಂತಿಲ್ಲ. ಹೀಗಾಗಿ ‘ಪೆಂಡಿಂಗ್’ ಎಂದಿರುವ ಪಾವತಿಯನ್ನು ಹತ್ತು ಸಲ ತೆರೆದು ನೋಡಿದರೂ ಹೊಸ ಉತ್ತರ ಬರುವುದಿಲ್ಲ. ಒಂದೂವರೆ-ಎರಡು ನಿಮಿಷ ಕಾದು ನೋಡಿದರೆ ಹೆಚ್ಚು ಉಪಯೋಗ.

ಎಷ್ಟು ದಿನದೊಳಗೆ ಹಣ ಮರಳಬೇಕು?

ಇದಕ್ಕೆ ರಿಸರ್ವ್ ಬ್ಯಾಂಕ್ 2019ರ ಸೆಪ್ಟೆಂಬರ್ 20ರಂದು ಹೊರಡಿಸಿದ ಸುತ್ತೋಲೆಯಲ್ಲಿ ಸ್ಪಷ್ಟ ಗಡುವು ಇದೆ. ಅಂಗಡಿಗೆ ಮಾಡಿದ ಯುಪಿಐ ಪಾವತಿಯಲ್ಲಿ ಹಣ ಕಡಿತವಾಗಿ ಅಂಗಡಿಗೆ ದೃಢೀಕರಣ ಬರದಿದ್ದರೆ, ಪಾವತಿಯ ದಿನದ ನಂತರ 5 ದಿನಗಳೊಳಗೆ ಹಣ ತಾನಾಗಿ ಮರಳಬೇಕು. ಗೆಳೆಯರಿಗೋ ಸಂಬಂಧಿಕರಿಗೋ ಕಳಿಸಿದ ಹಣವಾದರೆ ಗಡುವು ಇನ್ನೂ ಕಡಿಮೆ, ಒಂದೇ ದಿನ. ಗಡುವು ಮೀರಿದರೆ ಮೀರಿದ ಪ್ರತಿ ದಿನಕ್ಕೆ 100 ರೂಪಾಯಿಯಂತೆ ಪರಿಹಾರ ಕೊಡಬೇಕು. ಇಲ್ಲಿ ಲೆಕ್ಕಕ್ಕೆ ಬರುವುದು ಕ್ಯಾಲೆಂಡರ್ ದಿನಗಳು. ಬ್ಯಾಂಕ್ ರಜೆಯ ನೆಪ ಹೇಳುವಂತಿಲ್ಲ.

ಹೋಟೆಲ್‌ನ 240 ರೂಪಾಯಿಗೆ ಇದನ್ನು ಅನ್ವಯಿಸಿ ನೋಡಬಹುದು. ಪಾವತಿ ನಡೆದದ್ದು ತಿಂಗಳ 1ನೇ ತಾರೀಖು ಎಂದಾದರೆ 6ರೊಳಗೆ ಹಣ ವಾಪಸ್ ಬರಬೇಕು. 6ಕ್ಕೆ ಬಾರದೆ 9ಕ್ಕೆ ಬಂದರೆ ಮೂರು ದಿನದ ವಿಳಂಬ. ಆಗ 240ರ ಜತೆಗೆ 300 ರೂಪಾಯಿ ಪರಿಹಾರವೂ ಖಾತೆಗೆ ಬರಬೇಕು. ಗ್ರಾಹಕರು ದೂರು ಕೊಡಲಿ ಎಂದು ಕಾಯದೆ ತಾನಾಗಿಯೇ ಕೊಡಬೇಕು ಎಂದು ಸುತ್ತೋಲೆ ಹೇಳುತ್ತದೆ.

ಇದು ವ್ಯವಸ್ಥೆ ಕೈಕೊಟ್ಟು ನಿಂತ ಹಣಕ್ಕೆ ಮಾತ್ರ ಅನ್ವಯ. ತಪ್ಪು ಮೊತ್ತ ಒತ್ತಿದ್ದಕ್ಕೆ, ಬೇರೆಯವರ ಕೋಡ್ ಸ್ಕ್ಯಾನ್ ಮಾಡಿದ್ದಕ್ಕೆ, ಎರಡೆರಡು ಸಲ ಯಶಸ್ವಿಯಾಗಿ ಪಾವತಿಸಿದ್ದಕ್ಕೆ ಈ ಗಡುವು ಸಲ್ಲದು.

ದೂರು ಕೊಡುವ ಕ್ರಮ

ಮೊದಲು ದೂರು ಕೊಡಬೇಕಾದದ್ದು ಪಾವತಿ ಮಾಡಿದ ಆ್ಯಪ್‌ನಲ್ಲೇ. ಆ ಪಾವತಿಯ ವಿವರ ತೆರೆದರೆ ಸಹಾಯ ಅಥವಾ ದೂರಿನ ಆಯ್ಕೆ ಇರುತ್ತದೆ. ಅಲ್ಲಿಂದ ಅದು 12 ಅಂಕಿಗಳ ಸಂಖ್ಯೆಯೊಂದಿಗೆ ಪಾಲುದಾರ ಬ್ಯಾಂಕ್‌ಗೆ ಹೋಗುತ್ತದೆ. ಅಲ್ಲಿ ಪರಿಹಾರ ಸಿಗದಿದ್ದರೆ ಖಾತೆ ಇರುವ ಬ್ಯಾಂಕ್‌ಗೆ ಲಿಖಿತ ದೂರು ಕೊಟ್ಟು ದೂರಿನ ಸಂಖ್ಯೆ ಪಡೆದುಕೊಳ್ಳಬೇಕು. ಎನ್‌ಪಿಸಿಐ ಜಾಲತಾಣದಲ್ಲೂ ಯುಪಿಐ ದೂರು ದಾಖಲಿಸಬಹುದು.

ಬ್ಯಾಂಕ್‌ಗೆ ದೂರು ಕೊಟ್ಟು 30 ದಿನ ಕಳೆದರೂ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಸಮಾಧಾನ ತರದಿದ್ದರೆ ರಿಸರ್ವ್ ಬ್ಯಾಂಕ್ ಒಂಬುಡ್ಸ್‌ಮನ್‌ಗೆ `cms.rbi.org.in` ತಾಣದಲ್ಲಿ ದೂರು ಸಲ್ಲಿಸಬಹುದು. ಇದಕ್ಕೆ ಶುಲ್ಕವಿಲ್ಲ.

ಮೋಸದಿಂದ ಹಣ ಹೋಗಿದ್ದರೆ ಮಾತ್ರ ಈ ಕ್ರಮಕ್ಕೆ ಕಾಯುತ್ತ ಕೂರಬಾರದು. ಕೂಡಲೇ 1930 ಸಹಾಯವಾಣಿಗೆ ಕರೆ ಮಾಡಬೇಕು. ಜಮೆಯಾದ ಹಣವನ್ನು ವಂಚಕರು ನಿಮಿಷಗಳಲ್ಲಿ ಬೇರೆ ಖಾತೆಗಳಿಗೆ ದಾಟಿಸುತ್ತಾರೆ. ಅದು ಇನ್ನೂ ಮೊದಲ ಖಾತೆಯಲ್ಲಿ ಇರುವಾಗಲೇ ದೂರು ತಲುಪಿದರೆ ತಡೆಹಿಡಿಯುವ ಅವಕಾಶ ಹೆಚ್ಚು.